ತ್ರಿಕೋನದೊಳಗಿನ 5 ಮತ್ತು 7: ಹಾಲಿನ ಬಾಟಲಿಯ ತಳವನ್ನು ಓದುವುದು ಹೇಗೆ?

ಪ್ರಶ್ನೆ: ನನ್ನ ಮಗುವಿಗೆ ನಾಲ್ಕು ತಿಂಗಳು. ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕಾಗಿರುವುದರಿಂದ ಎದೆಹಾಲನ್ನು ತೆಗೆದಿಟ್ಟು ಬಾಟಲಿಯಲ್ಲಿ ಕುಡಿಸುವ ಅಭ್ಯಾಸ ಮಾಡಿಸುತ್ತಿದ್ದೇವೆ. ಮನೆಯಲ್ಲಿ ಎರಡು ಬಾಟಲಿಗಳಿವೆ. ಒಂದನ್ನು ಇಲ್ಲಿಯ ಫ್ಯಾನ್ಸಿ ಸ್ಟೋರಿನಲ್ಲಿ ಕೊಂಡೆವು; ಹಾಲುಬಿಳುಪು ಬಣ್ಣ, ತಳದ ತ್ರಿಕೋನದಲ್ಲಿ 5, ಪಕ್ಕದಲ್ಲಿ ಬಿಡಿಯಾಗಿ 3. ಇನ್ನೊಂದನ್ನು ಭಾವ ದುಬೈಯಿಂದ ತಂದರು. ತಿಳಿಜೇನಿನ ಬಣ್ಣ, ತಳದಲ್ಲಿ 7. ‘ಏಳು ಎಂದರೆ ವಿಷ, ಮೂರು ಎಂದರೆ ಪಿವಿಸಿ’ ಎಂಬ ಪಟ್ಟಿ ವಾಟ್ಸಾಪ್‌ನಲ್ಲಿ ಬಂದಿದೆ. ಅತ್ತೆಯವರು ದುಬೈ ಬಾಟಲಿಯನ್ನು ಎಸೆದುಬಿಡು ಎನ್ನುತ್ತಾರೆ. ಫ್ಯಾನ್ಸಿ ಸ್ಟೋರಿನಿಂದಲೇ ಒಂದು ಪ್ಯಾಸಿಫೈಯರ್ ಕೂಡ ತಂದಿದ್ದೇವೆ. ಎಲ್ಲದರ ಚಿತ್ರ ಕಳಿಸಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದುಬೈ ಬಾಟಲಿಯನ್ನು ಎಸೆಯಬೇಡಿ. ಫ್ಯಾನ್ಸಿ ಸ್ಟೋರಿನ ಬಾಟಲಿಯಲ್ಲಿ ಇನ್ನು ಹಾಲು ಹಾಕಬೇಡಿ. ಪ್ಯಾಸಿಫೈಯರನ್ನು ಇಂದೇ ಮಗುವಿನ ಕೈಗೆ ಸಿಗದಂತೆ ತೆಗೆದಿಡಿ. ನಾನು ಪೀಣ್ಯದ ಕಾರ್ಖಾನೆಗಳಲ್ಲಿ ಬಹಳ ವರ್ಷ ಪ್ಲಾಸ್ಟಿಕ್ ಅಚ್ಚಿನ ಗುಣಮಟ್ಟ ನೋಡಿಕೊಂಡವನು. ನಿಮ್ಮ ಮೊದಲ ಚಿತ್ರಗಳನ್ನು ನೋಡಿದಾಗ ಎರಡು ಮೂರು ಸಂದೇಹಗಳು ಉಳಿದಿದ್ದವು. ಅದಕ್ಕಾಗಿಯೇ ಬಾಟಲಿಯ ಬಾಯಿ, ತಳ ಮತ್ತು ಡಬ್ಬಿಯನ್ನು ಮತ್ತೊಮ್ಮೆ ಹತ್ತಿರದಿಂದ ತೆಗೆದು ಕಳಿಸಿ ಎಂದು ಕೇಳಿದ್ದೆ. ಆ ಎರಡನೆಯ ಸಲದ ಚಿತ್ರಗಳೇ ಹೆಚ್ಚು ಮಾತಾಡಿದವು.

ಮೊದಲು ಆ ಬಿಡಿ 3ರ ಭಯವನ್ನು ಬಿಡಿಸುತ್ತೇನೆ, ಏಕೆಂದರೆ ಇದೇ ಸಂದೇಹ ಹಲವರಿಂದ ಬರುತ್ತದೆ. ಒಂದು ಅಚ್ಚಿನಲ್ಲಿ ಒಮ್ಮೆಗೆ ಒಂದೇ ಬಾಟಲಿ ಬರುವುದಿಲ್ಲ; ನಾಲ್ಕೋ ಎಂಟೋ ಗೂಡುಗಳಿರುತ್ತವೆ. ಯಾವ ಗೂಡಿನ ಬಾಟಲಿಯಲ್ಲಿ ದೋಷ ಬರುತ್ತಿದೆ ಎಂದು ಪತ್ತೆ ಮಾಡಲು ಪ್ರತಿ ಗೂಡಿಗೂ ಒಂದು ಸಂಖ್ಯೆ ಕೊರೆದಿರುತ್ತಾರೆ. ನಿಮ್ಮ ಬಾಟಲಿ ಮೂರನೆಯ ಗೂಡಿನಲ್ಲಿ ಹುಟ್ಟಿದ್ದು, ಅಷ್ಟೇ. ತ್ರಿಕೋನದ ಹೊರಗಿರುವ ಸಂಖ್ಯೆಗೂ ಪ್ಲಾಸ್ಟಿಕ್ಕಿನ ಜಾತಿಗೂ ಸಂಬಂಧವಿಲ್ಲ. ಹಾಗೆಯೇ ಕೆಲವು ಬಾಟಲಿಗಳ ತಳದಲ್ಲಿ ಗಡಿಯಾರದಂತೆ ಸುತ್ತಲೂ ಅಂಕಿ, ನಡುವೆ ಬಾಣದ ಗುರುತು ಇರುವ ಪುಟ್ಟ ವೃತ್ತ ಕಾಣುತ್ತದೆ. ಅದು ತಯಾರಾದ ತಿಂಗಳು ಮತ್ತು ವರ್ಷವನ್ನು ಹೇಳುತ್ತದೆ. ತಳದ ನಟ್ಟನಡುವೆ ಬೆರಳಿಗೆ ಸಿಗುವ ಸಣ್ಣ ಚುಕ್ಕೆ ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಕ್ಕೆ ಹೊಕ್ಕ ಜಾಗ, ಬಾಟಲಿಯ ಹೊಕ್ಕುಳು ಎನ್ನಿ. ಅದು ನಯವಾಗಿದ್ದರೆ ದೋಷವಲ್ಲ.

ಇನ್ನು ತ್ರಿಕೋನದೊಳಗಿನ ಸಂಖ್ಯೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಈ ಸಂಕೇತಗಳನ್ನು ತಂದದ್ದು ಕಸ ವಿಂಗಡಿಸುವವರ ಅನುಕೂಲಕ್ಕಾಗಿ. ಅದರಲ್ಲಿ ಆಹಾರಕ್ಕೆ ಯೋಗ್ಯವೇ, ಮಗುವಿಗೆ ಕ್ಷೇಮವೇ ಎಂಬ ಯಾವ ತೀರ್ಪೂ ಇಲ್ಲ. ಒಂದರಿಂದ ಆರರವರೆಗೆ ಆರು ಸಾಮಾನ್ಯ ಪ್ಲಾಸ್ಟಿಕ್‌ಗಳು, ಐದು ಎಂದರೆ ಪಾಲಿಪ್ರೊಪಿಲೀನ್. ಆ ಆರರಲ್ಲಿ ಸೇರದ ಎಲ್ಲವೂ ಏಳು. ಊರಿನ ಜಾತ್ರೆಯಲ್ಲಿ ‘ಇತರೆ’ ಎಂಬ ಅಂಗಡಿಯಲ್ಲಿ ಎಲ್ಲವೂ ಸಿಗುವಂತೆ ಏಳರ ಹೊಟ್ಟೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳಿವೆ.

ಏಳಕ್ಕೆ ಕೆಟ್ಟ ಹೆಸರು ಬಂದದ್ದು ಅದರಲ್ಲಿ ಒಂದಾದ ಪಾಲಿಕಾರ್ಬೊನೇಟ್‌ನಿಂದ. ಗಾಜಿನಷ್ಟು ತಿಳಿ, ಬಡಿದರೂ ಒಡೆಯದು ಎಂದು ಒಂದು ಕಾಲಕ್ಕೆ ಹಾಲಿನ ಬಾಟಲಿಗಳಲ್ಲಿ ಬಹುಪಾಲು ಅದರದ್ದೇ. ಆದರೆ ಅದರ ಕಟ್ಟಡದ ಇಟ್ಟಿಗೆಯೇ ಬಿಸ್‌ಫಿನಾಲ್-ಎ, ಅಂದರೆ ಬಿಪಿಎ. ಬಿಸಿನೀರು ಮತ್ತು ಕ್ಷಾರದ ಸೋಪು ಪದೇ ಪದೇ ತಗಲಿದಂತೆ ಆ ಇಟ್ಟಿಗೆಗಳು ಬಿಡಿಬಿಡಿಯಾಗಿ ಹಾಲಿಗೆ ಸೇರಬಲ್ಲವು. ಬಾಟಲಿ ಹಳೆಯದಾಗಿ ಗೀರುಬಿದ್ದಷ್ಟೂ ಹೆಚ್ಚು. ಬಿಪಿಎ ದೇಹದಲ್ಲಿ ಈಸ್ಟ್ರೊಜೆನ್ ಹಾರ್ಮೋನಿನಂತೆ ನಟಿಸುತ್ತದೆ ಎಂಬುದೇ ಆತಂಕದ ಮೂಲ. ಯುರೋಪಿನ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ಹಸುಳೆಗಳ ಬಾಟಲಿಯಿಂದ ಅದನ್ನು ಹೊರಗಿಟ್ಟವು. ನಮ್ಮಲ್ಲಿ ಪ್ಲಾಸ್ಟಿಕ್ ಹಾಲಿನ ಬಾಟಲಿಗೆ ಇರುವ ಐಎಸ್ 14625 ಎಂಬ ಮಾನಕದ 2015ರ ಆವೃತ್ತಿಯೂ ಪಾಲಿಕಾರ್ಬೊನೇಟ್‌ಗೆ ಬಾಗಿಲು ಮುಚ್ಚಿತು. ವಾಟ್ಸಾಪ್‌ನ ಪಟ್ಟಿ ಹುಟ್ಟಿದ್ದು ಈ ಇತಿಹಾಸದಿಂದಲೇ. ಆದರೆ ಒಬ್ಬನ ತಪ್ಪಿಗೆ ಇಡೀ ಮನೆತನಕ್ಕೆ ಬಹಿಷ್ಕಾರ ಹಾಕಿದಂತಾಗಿದೆ ಅದು.

ನಿಮ್ಮ ದುಬೈ ಬಾಟಲಿಯ ತಳವನ್ನು ದೊಡ್ಡದು ಮಾಡಿ ನೋಡಿದಾಗ ತ್ರಿಕೋನದ ಕೆಳಗೆ ಸಣ್ಣದಾಗಿ ಪಿಪಿಎಸ್‌ಯು ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಂಡವು. ಪಾಲಿಫಿನೈಲ್‌ಸಲ್ಫೋನ್ ಎಂಬ ಈ ಪ್ಲಾಸ್ಟಿಕ್ಕನ್ನು ಬಿಪಿಎ ಬಳಸಿ ಮಾಡುವುದಿಲ್ಲ. 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದು ಮೆತ್ತಗಾಗುವುದು, ಆದ್ದರಿಂದ ಕುದಿಸುವುದು ಅದಕ್ಕೆ ಆಟ. ಆ ತಿಳಿಜೇನಿನ ಬಣ್ಣ ಕೊಳೆಯೂ ಅಲ್ಲ, ಬೆರಸಿದ ಬಣ್ಣವೂ ಅಲ್ಲ; ವಸ್ತುವಿನ ಮೈಬಣ್ಣವೇ ಅದು. ಅತ್ತೆಯವರಿಗೆ ಇದನ್ನು ಹೇಳಿ. ಅವರ ಎಚ್ಚರಿಕೆ ಸರಿಯಾದದ್ದೇ, ಗುರಿ ಮಾತ್ರ ತಪ್ಪಿದೆ. ಏಳು ಎಂದಿದ್ದು, ಕೆಳಗೆ ಅಕ್ಷರಗಳಿಲ್ಲದೆ, ಬಾಟಲಿ ಗಾಜಿನಂತೆ ಬಣ್ಣವಿಲ್ಲದೆ ತಿಳಿಯಾಗಿದ್ದಿದ್ದರೆ ನಾನೂ ಅವರ ಪಕ್ಷವೇ. ಅದು ಟ್ರೈಟಾನ್ ಎಂಬ ಬಿಪಿಎ ಇಲ್ಲದ ಪ್ಲಾಸ್ಟಿಕ್ ಇರಬಹುದು, ಹಳೆಯ ಪಾಲಿಕಾರ್ಬೊನೇಟೂ ಇರಬಹುದು. ಚಿತ್ರದಲ್ಲಿ ಎರಡನ್ನೂ ಬೇರ್ಪಡಿಸಲು ನನ್ನಿಂದಾಗದು.

ತ್ರಿಕೋನದ ಬಗ್ಗೆ ಇನ್ನೊಂದು ಮಾತು. ನಿಮ್ಮ ಎರಡನೆಯ ಪತ್ರದಲ್ಲಿ ‘ದುಬೈ ಬಾಟಲಿಯ ತ್ರಿಕೋನಕ್ಕೆ ಬಾಣಗಳಿಲ್ಲ, ಬರಿಯ ಗೆರೆ ಇದೆ, ನಕಲಿಯೇ?’ ಎಂದು ಕೇಳಿದ್ದೀರಿ. ಅಲ್ಲ. ಸುತ್ತುಬಾಣ ಕಂಡರೆ ಜನ ‘ಇದು ಖಂಡಿತ ಮರುಬಳಕೆ ಆಗುತ್ತದೆ’ ಎಂದು ತಿಳಿಯುತ್ತಾರೆಂದು 2013ರಲ್ಲಿ ಆ ಮಾನಕವನ್ನು ಬದಲಿಸಿ ಬರಿಯ ತ್ರಿಕೋನ ಮಾಡಿದರು. ಹಳೆಯ ಅಚ್ಚುಗಳಲ್ಲಿ ಬಾಣಗಳೇ ಉಳಿದಿವೆ. ಎರಡೂ ಚಲಾವಣೆಯಲ್ಲಿವೆ.

ಈಗ ಫ್ಯಾನ್ಸಿ ಸ್ಟೋರಿನ ಬಾಟಲಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಐದು ಎಂಬ ಸಂಖ್ಯೆ ಒಳ್ಳೆಯದೇ. ಪಾಲಿಪ್ರೊಪಿಲೀನ್‌ನಲ್ಲಿ ಬಿಪಿಎ ಹುಟ್ಟಿನಿಂದಲೇ ಇಲ್ಲ. (ಹಾಗಾಗಿ ಐದರ ಬಾಟಲಿಯ ಮೇಲೆ ದೊಡ್ಡದಾಗಿ ‘ಬಿಪಿಎ ಮುಕ್ತ’ ಎಂದು ಬರೆದಿದ್ದರೆ ಅದೇನೂ ಹೆಚ್ಚುಗಾರಿಕೆಯಲ್ಲ.) ಆದರೆ ಸಂಖ್ಯೆಯನ್ನು ಅಚ್ಚಿನಲ್ಲಿ ಕೊರೆಯುವುದು ಒಂದು ಸಲದ ಕೆಲಸ. ಆಮೇಲೆ ಆ ಅಚ್ಚಿಗೆ ಯಾವ ಪ್ಲಾಸ್ಟಿಕ್ ಸುರಿದರೂ ಬಾಟಲಿ ಐದು ಎಂದೇ ಹೇಳಿಕೊಂಡು ಹೊರಬರುತ್ತದೆ. ಆದ್ದರಿಂದ ಸಂಖ್ಯೆ ನಿಜವೇ ಎಂದು ನೋಡಲು ಬಕೆಟ್ಟಿನ ಪರೀಕ್ಷೆ ಹೇಳಿದ್ದೆ. ನಿಪ್ಪಲ್, ಉಂಗುರ, ಹಿಡಿಕೆ ಎಲ್ಲ ಬಿಚ್ಚಿ, ಬಾಟಲಿಯನ್ನು ತಣ್ಣೀರಿನೊಳಗೆ ಮಲಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ನೀರಿನ ನಡುವೆ ಕೈಬಿಡುವುದು. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಒಂದು ಮಿಲಿಲೀಟರಿಗೆ ಸುಮಾರು 0.9 ಗ್ರಾಂ. ನೀರು ತುಂಬಿದ್ದರೂ ಅದು ನಿಧಾನವಾಗಿ ಮೇಲೇರುತ್ತದೆ. ಪಾಲಿಕಾರ್ಬೊನೇಟ್ ಸುಮಾರು 1.2, ಪಿಪಿಎಸ್‌ಯು ಸುಮಾರು 1.3, ಅವು ತಳಕ್ಕೆ ಕೂರುತ್ತವೆ. ನಿಮ್ಮ ಬಿಳಿ ಬಾಟಲಿ ತೇಲಿತು, ಜೇನುಬಣ್ಣದ್ದು ಮುಳುಗಿತು ಎಂದು ಬರೆದಿದ್ದೀರಿ. ಎರಡೂ ತಮ್ಮ ತಳದ ಅಕ್ಷರಕ್ಕೆ ತಕ್ಕಂತೆ ನಡೆದುಕೊಂಡವು.

ಹಾಗಾದರೆ ಬಿಳಿ ಬಾಟಲಿಯನ್ನು ಬೇಡ ಎಂದದ್ದು ಏಕೆ? ತೇಲಿದ್ದು ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳಿತು, ಅದರ ಶುದ್ಧಿಯನ್ನಲ್ಲ. ಬಿಳಿ ಹಾಳೆಯ ಮುಂದೆ ಹಿಡಿದು ತೆಗೆದ ಚಿತ್ರದಲ್ಲಿ ಬಾಟಲಿಯ ಗೋಡೆಯೊಳಗೆ ಎಳ್ಳಿಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಏಳೆಂಟು ಕಾಣುತ್ತವೆ. ಯಂತ್ರದ ಕೊಳವೆಯಲ್ಲಿ ಪ್ಲಾಸ್ಟಿಕ್ ಹೆಚ್ಚು ಹೊತ್ತು ನಿಂತು ಸುಟ್ಟು ಕರಕಾಗಿ, ಆ ಕರಕು ಮುಂದಿನ ಬಾಟಲಿಗಳಲ್ಲಿ ಹೀಗೆ ಬರುತ್ತದೆ. ಒಂದು ಚುಕ್ಕೆ ಒಳ್ಳೆಯ ಕಾರ್ಖಾನೆಯಿಂದಲೂ ತಪ್ಪಿ ಬರಬಹುದು. ಏಳೆಂಟು ಚುಕ್ಕೆ, ಜೊತೆಗೆ ಮಾಸಲು ಬೂದುಛಾಯೆ, ಅದರ ಮೇಲೆ ನೀವು ಬರೆದಿರುವಂತೆ ಕುದಿಸಿದ ಮೇಲೂ ಹೋಗದ ವಾಸನೆ, ಈ ಮೂರೂ ಸೇರಿದಾಗ ಹೊಸ ಹರಳಿನ ಜೊತೆ ಪುಡಿಮಾಡಿದ ಹಳೆಯ ಪ್ಲಾಸ್ಟಿಕ್ ಬೆರೆಸಿದ್ದಾರೆಂಬ ಅನುಮಾನ ಬರಲೇಬೇಕು. ಅದು ಯಾವುದರ ಪುಡಿ ಎಂದು ಪ್ರಯೋಗಾಲಯವೇ ಹೇಳಬೇಕು. ಅಷ್ಟು ದೂರ ಹೋಗುವ ಬದಲು ಆ ಬಾಟಲಿಯನ್ನು ಬಿಡುವುದು ಸುಲಭ.

ಎರಡನೆಯ ದೋಷ ಬಾಯಿಯ ಅಂಚಿನಲ್ಲಿದೆ. ಕಪ್ಪು ಬಟ್ಟೆಯ ಮುಂದೆ, ಟಾರ್ಚನ್ನು ಬದಿಯಿಂದ ಓರೆಯಾಗಿ ಬಿಟ್ಟು ತೆಗೆದ ಚಿತ್ರದಲ್ಲಿ ಈರುಳ್ಳಿ ಸಿಪ್ಪೆಯಂತಹ ತೆಳು ಪದರ ಅಂಚಿನಿಂದ ಹೊರಚಾಚಿರುವುದು ಸ್ಪಷ್ಟವಾಗಿದೆ. ಅಂಗಡಿಯ ನೇರ ಬೆಳಕಿನಲ್ಲಿ ಇದು ಕಾಣುವುದೇ ಇಲ್ಲ. ಕಾರ್ಖಾನೆಯಲ್ಲಿ ಇದನ್ನು ಫ್ಲ್ಯಾಶ್ ಎನ್ನುತ್ತೇವೆ. ಅಚ್ಚಿನ ಎರಡು ಭಾಗಗಳು ಕೂಡುವ ಅಂಚು ಸವೆದಾಗ, ಇಲ್ಲವೇ ಯಂತ್ರ ಅವನ್ನು ಸಾಕಷ್ಟು ಬಿಗಿಯಾಗಿ ಒತ್ತದಿದ್ದಾಗ, ಕರಗಿದ ಪ್ಲಾಸ್ಟಿಕ್ ಆ ಸಂದಿಯಿಂದ ನುಸುಳುತ್ತದೆ. ಅಚ್ಚು ಕೂಡಿದ ಗೆರೆ ಎಲ್ಲ ಬಾಟಲಿಗಳಲ್ಲೂ ಇರುತ್ತದೆ. ಉಗುರು ಎಳೆದಾಗ ತಡೆಯದಿದ್ದರೆ ಸರಿ, ತಡೆದರೆ ಅದು ಫ್ಲ್ಯಾಶ್. ನಿಪ್ಪಲ್ ಕೂರುವ ಜಾಗದಲ್ಲಿ ಅದಿದ್ದರೆ ಹಾಲು ಸೋರುತ್ತದೆ, ಪದರದಡಿ ಹಾಲಿನ ಕೆನೆ ಸಿಕ್ಕಿಕೊಂಡು ಬ್ರಷ್ಷಿಗೆ ನಿಲುಕದೆ ಹುಳಿಯುತ್ತದೆ, ಒಂದು ದಿನ ಪದರವೇ ಕಳಚಿ ಹಾಲಿಗೆ ಬೀಳುತ್ತದೆ.

ಮೂರನೆಯದನ್ನು ನೀವೇ ಕಂಡುಹಿಡಿದಿರಿ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಖಾಲಿ ಬಾಟಲಿಯಿಟ್ಟು ಸೊನ್ನೆ ಮಾಡಿ, 100ರ ಗೆರೆಯವರೆಗೆ ನೀರು ಹಾಕಿದಾಗ 112 ಗ್ರಾಂ ತೋರಿಸಿತು. ನೂರು ಮಿಲಿಲೀಟರ್ ನೀರು ನೂರು ಗ್ರಾಂ ತೂಗಬೇಕು. ಗೆರೆಗಳು ಅಚ್ಚಿನಲ್ಲೇ ಮೂಡಿದವಲ್ಲ, ಆಮೇಲೆ ಶಾಯಿಯಲ್ಲಿ ಒತ್ತಿದವು. ಒತ್ತುವಾಗ ಬಾಟಲಿ ಸರಿದಿದೆ. ಎದೆಹಾಲಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಪುಡಿ ಹಾಲು ಕಲಸುವ ಮನೆಯಲ್ಲಿ ಚಮಚ ಲೆಕ್ಕ ಸರಿಯಿದ್ದೂ ಹಾಲು ಪ್ರತಿ ಸಲ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗುತ್ತದೆ. ಮಗು ಯಾಕೆ ತೂಕ ಏರುತ್ತಿಲ್ಲ ಎಂದು ಎಲ್ಲೆಲ್ಲೋ ಹುಡುಕುತ್ತಿರುತ್ತಾರೆ.

ಈ ಮೂರಕ್ಕೂ ಮೊದಲೇ ನೋಡಬೇಕಾದದ್ದು ಡಬ್ಬಿ. 1992ರ ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಕಾಯ್ದೆಯ ಪ್ರಕಾರ ಭಾರತದಲ್ಲಿ ಮಾರುವ ಪ್ರತಿ ಹಾಲಿನ ಬಾಟಲಿಯೂ ಭಾರತೀಯ ಮಾನಕ ಬ್ಯೂರೋದ ಮಾನಕಕ್ಕೆ ಹೊಂದಬೇಕು, ಅದರ ಡಬ್ಬಿಯ ಮೇಲೆ ಐಎಸ್‌ಐ ಗುರುತು ಇರಲೇಬೇಕು. ಗುರುತಿಗೆ ಮೂರು ಭಾಗ: ಮೇಲೆ ಮಾನಕದ ಸಂಖ್ಯೆ, ನಡುವೆ ಐಎಸ್‌ಐ ಲಾಂಛನ, ಕೆಳಗೆ `CM/L` ಎಂದು ಶುರುವಾಗುವ ಪರವಾನಗಿ ಸಂಖ್ಯೆ. ನಿಮ್ಮ ಡಬ್ಬಿಯ ಚಿತ್ರದಲ್ಲಿ ನಡುವಿನ ಲಾಂಛನವೊಂದೇ ಇದೆ. ಮೇಲೆಯೂ ಖಾಲಿ, ಕೆಳಗೆಯೂ ಖಾಲಿ. ತಲೆಯೂ ಕಾಲೂ ಇಲ್ಲದ ಇಂತಹ ಲಾಂಛನಕ್ಕೆ ಬೆಲೆಯಿಲ್ಲ. ಅದನ್ನು ಯಾವ ಮುದ್ರಣಾಲಯದಲ್ಲಾದರೂ ಒತ್ತಿಸಬಹುದು. ಸಂಖ್ಯೆ ಇರುವ ಡಬ್ಬಿ ಸಿಕ್ಕಾಗ `BIS Care` ಎಂಬ ಆ್ಯಪ್ ತೆರೆದು, `Verify Licence Details` ಒತ್ತಿ, ಆ ಸಂಖ್ಯೆ ಹಾಕಿ. ಯಾವುದೋ ಹೆಸರು ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಬಂದ ಪರವಾನಗಿ ಐಎಸ್ 14625ಕ್ಕೆ ಸೇರಿದ್ದೇ, ತಯಾರಕರ ಹೆಸರು ಡಬ್ಬಿಯ ಹೆಸರಿಗೆ ಹೊಂದುತ್ತದೆಯೇ, ಅವಧಿ ಮುಗಿದಿಲ್ಲವೇ ಎಂದು ಮೂರನ್ನೂ ನೋಡಿ. ಬೇರೆ ಯಾವುದೋ ವಸ್ತುವಿನ ನಿಜವಾದ ಸಂಖ್ಯೆಯನ್ನು ಕದ್ದು ಹಾಕುವವರೂ ಇದ್ದಾರೆ. ಗಾಜಿನ ಬಾಟಲಿಗಾದರೆ ಮಾನಕದ ಸಂಖ್ಯೆ ಬೇರೆ, ಐಎಸ್ 5168.

ಅದೇ ಡಬ್ಬಿಯ ಮೇಲೆ ‘ಎರಡು ಕೊಂಡರೆ ಒಂದು ಉಚಿತ’ ಎಂಬ ಚೀಟಿ ಕಂಡಿತು. ಹಾಲಿನ ಬಾಟಲಿಗೆ ಜಾಹೀರಾತು ಕೊಡುವುದನ್ನೂ, ಆಮಿಷ ಒಡ್ಡಿ ಮಾರುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಎದೆಹಾಲು ಕುಡಿಸುವ ತಾಯಂದಿರನ್ನು ಬಾಟಲಿಯತ್ತ ಎಳೆಯಬಾರದೆಂಬ ಕಾಳಜಿ ಅದರ ಹಿಂದಿದೆ. ಕಾಯ್ದೆಯನ್ನು ಓದಿದ ತಯಾರಕ ಇಂತಹ ಚೀಟಿ ಅಂಟಿಸುವುದಿಲ್ಲ.

ದುಬೈ ಬಾಟಲಿಗೆ ಐಎಸ್‌ಐ ಗುರುತು ಇರಲು ಸಾಧ್ಯವಿಲ್ಲ, ಅದು ಇಲ್ಲಿ ಮಾರಲು ಬಂದದ್ದಲ್ಲ. ಅದರ ಡಬ್ಬಿಯಲ್ಲಿ ಇಎನ್ 14350 ಎಂದಿದೆ. ಹಾಲಿನ ಬಾಟಲಿ ಮತ್ತು ಕುಡಿಸುವ ಸಾಧನಗಳಿಗೆ ಯುರೋಪಿನ ಮಾನಕ ಅದು. ಲೋಟ ಮತ್ತು ಫೋರ್ಕಿನ ಚಿಹ್ನೆಯೂ ಇದೆ, ಆಹಾರ ತಾಗಲು ಯೋಗ್ಯ ಎಂಬುದರ ಗುರುತು. ಬಾಯಿಯ ಅಂಚು ನಯವಾಗಿದೆ, ಗೋಡೆಯಲ್ಲಿ ಚುಕ್ಕೆಯಿಲ್ಲ, ಬೆಳ್ಳಿಗೀರಿಲ್ಲ. ಪಿಪಿಎಸ್‌ಯು ಹರಳನ್ನು ಸರಿಯಾಗಿ ಒಣಗಿಸದೆ ಬಳಸಿದರೆ ತೇವ ಆವಿಯಾಗಿ ಹರಿದ ದಿಕ್ಕಿನಲ್ಲಿ ಬೆಳ್ಳಿಯಂತಹ ಗೀರುಗಳು ಮೂಡುತ್ತವೆ. ನಿಮ್ಮದರಲ್ಲಿ ಅದಿಲ್ಲ. ಮುದ್ರಿತ ಗುರುತನ್ನು ಯಾರು ಬೇಕಾದರೂ ನಕಲು ಮಾಡಬಹುದು ಎಂಬುದು ಇದಕ್ಕೂ ಅನ್ವಯಿಸುತ್ತದೆ. ಆದರೆ ಗುರುತು, ಅಕ್ಷರ, ಬಣ್ಣ, ತೂಕ, ಅಚ್ಚಿನ ಕೆಲಸ ಐದೂ ಒಂದೇ ಮಾತು ಹೇಳುವಾಗ ನಾನು ನಂಬುತ್ತೇನೆ. ನನ್ನ ಮೊಮ್ಮಗಳಿಗೂ ಇದನ್ನು ಕೊಡುತ್ತಿದ್ದೆ.

ಪ್ಯಾಸಿಫೈಯರಿನ ವಿಷಯದಲ್ಲಿ ನನಗೆ ಸಂಖ್ಯೆಯ ಚಿಂತೆಯೇ ಇಲ್ಲ, ಉಸಿರುಗಟ್ಟುವ ಚಿಂತೆ. ನಮ್ಮ ಬಾಟಲಿ ಕಾಯ್ದೆ ಬಾಟಲಿಗೆ ಹಾಕುವ ನಿಪ್ಪಲನ್ನು ಒಳಗೊಂಡಿದೆ, ಬಾಟಲಿಯಿಲ್ಲದೆ ಬರಿದೇ ಚೀಪಲು ಕೊಡುವ ಪ್ಯಾಸಿಫೈಯರನ್ನಲ್ಲ. ಹಾಗಾಗಿ ಅಳತೆಗೋಲಿಗೆ ಅಮೆರಿಕದ ನಿಯಮವನ್ನು ತೆಗೆದುಕೊಳ್ಳುತ್ತೇನೆ. ತುಟಿಯ ಹೊರಗೆ ನಿಲ್ಲುವ ತಟ್ಟೆಯಲ್ಲಿ ಕನಿಷ್ಠ ಎರಡು ಗಾಳಿತೂತುಗಳಿರಬೇಕು, ಒಂದೊಂದೂ 5 ಮಿಲಿಮೀಟರಿಗಿಂತ ಕಿರಿದಾಗಿರಬಾರದು. ತಟ್ಟೆ ಬಾಯಿಯೊಳಗೆ ಸೇರಿಹೋದರೂ ಮಗುವಿಗೆ ಉಸಿರು ಸಿಗಲೆಂದು ಈ ತೂತುಗಳು. ನೀವು ಅಳತೆಪಟ್ಟಿ ಪಕ್ಕಕ್ಕಿಟ್ಟು ತೆಗೆದ ಚಿತ್ರದಲ್ಲಿ ತೂತುಗಳು ಎರಡೂವರೆ ಮಿಲಿಮೀಟರ್ ಇವೆ, ಅದರಲ್ಲೂ ಒಂದು ಫ್ಲ್ಯಾಶ್‌ನಿಂದ ಅರ್ಧ ಮುಚ್ಚಿದೆ. ನಿಪ್ಪಲ್ ತಟ್ಟೆಗೆ ಕೂಡುವ ಬುಡದಲ್ಲಿ ಒಂದು ಬದಿ ಸಂದಿ ಕಾಣುತ್ತದೆ. ಆ ನಿಯಮದಲ್ಲಿ ಕುದಿನೀರಿನಲ್ಲಿ ಹಲವು ಸಲ ಹಾಕಿ ತೆಗೆದ ಮೇಲೂ ಸುಮಾರು ನಾಲ್ಕೂವರೆ ಕಿಲೋ ಬಲದಿಂದ ಎಳೆದಾಗ ಕಿತ್ತು ಬರಬಾರದು. ಇದು ಅಷ್ಟು ತಡೆಯುವಂತೆ ಕಾಣುವುದಿಲ್ಲ. ಕೊಳ್ಳುವುದಾದರೆ ನಿಪ್ಪಲ್, ತಟ್ಟೆ ಎರಡೂ ಒಂದೇ ಎರಕವಾಗಿ ಬಂದ ಸಿಲಿಕೋನಿನದು ಕೊಳ್ಳಿ. ಕಿತ್ತುಬರಲು ಅದರಲ್ಲಿ ಜೋಡಣೆಯೇ ಇಲ್ಲ. ಅದಕ್ಕೂ ವಾರಕ್ಕೊಮ್ಮೆ ಬೆರಳಿನಿಂದ ಎಳೆದು ನೋಡಿ, ಸಣ್ಣ ಹರಕು ಕಂಡರೂ ತೆಗೆದುಬಿಡಿ. ಚಿತ್ರದಲ್ಲಿ ಪ್ಯಾಸಿಫೈಯರನ್ನು ಕೆಂಪು ದಾರದಲ್ಲಿ ಮಗುವಿನ ಕೊರಳಿಗೆ ಕಟ್ಟಿದ್ದೀರಿ. ದಯವಿಟ್ಟು ಆ ದಾರವನ್ನು ಈಗಲೇ ಕತ್ತರಿಸಿ. ತೊಟ್ಟಿಲಿನ ಗೂಟಕ್ಕೋ ಜೋಲಿಯ ಹಗ್ಗಕ್ಕೋ ಅದು ಸಿಕ್ಕಿಕೊಂಡರೆ ಕೂಗಲೂ ಮಗುವಿಗೆ ಆಗುವುದಿಲ್ಲ.

ಇಟ್ಟುಕೊಂಡ ಬಾಟಲಿಯನ್ನು ಬಳಸುವಾಗ ಒಂದು ಜಾಗ್ರತೆ ಸಾಕು: ಬಿಸಿಯ ಕೆಲಸವನ್ನು ಪ್ಲಾಸ್ಟಿಕ್ಕಿಗೆ ಹೊರಿಸಬೇಡಿ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಪಾಲಿಪ್ರೊಪಿಲೀನ್ ಬಾಟಲಿಗಳನ್ನು ಪರೀಕ್ಷಿಸಿ, ಬಿಸಿನೀರು ಹಾಕಿ ಕುಲುಕಿದಾಗ ಲೀಟರಿಗೆ ಒಂದೂವರೆ ಕೋಟಿಗೂ ಮೀರಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡಬಲ್ಲವು, ನೀರು ಬಿಸಿಯಾದಷ್ಟೂ ಕಣಗಳು ಹೆಚ್ಚು ಎಂದು ತೋರಿಸಿದರು. ಎದೆಹಾಲನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಬೆಚ್ಚಗಿನ ನೀರಿನಲ್ಲಿಟ್ಟು ಹದಮಾಡಿ, ಆಮೇಲೆ ಬಾಟಲಿಗೆ ತುಂಬಿ. ಕುದಿಸಿ ತೆಗೆದ ಬಾಟಲಿಯನ್ನು, ಕುದಿಸಿ ಆರಿಸಿದ ನೀರಿನಿಂದ ಎರಡು ಮೂರು ಸಲ ತೊಳೆದು ಬಳಸಿ. ಒಳಗೋಡೆ ಮಂಜಾದರೆ, ಗೀರು ಬಿದ್ದರೆ, ಪಿಪಿಎಸ್‌ಯು ಆದರೂ ಬದಲಿಸಿ.

ಗಾಜಿನ ಬಾಟಲಿಗೆ ಈ ಯಾವ ರಗಳೆಯೂ ಇಲ್ಲ, ಬಿದ್ದರೆ ಒಡೆಯುವ ಭಯವೊಂದು ಬಿಟ್ಟು. ಇನ್ನು ನೀವು ಹೊರಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಅತ್ತೆಯವರೇ ಆದರೆ, ಅವರ ಕೈಗೆ ಒಳಲೆ ಬಂದೀತೇ ಎಂದು ಕೇಳಿ. ಬೆಳ್ಳಿಯದೇ ಆಗಬೇಕಿಲ್ಲ, ಸ್ಟೀಲಿನದೂ ಸಿಗುತ್ತದೆ. ಸುಲಭವಾಗಿ ತೊಳೆದು ಕುದಿಸಬಹುದು. ಅದಕ್ಕೆ ತಾಳ್ಮೆ ಬೇಕು: ಮಗುವನ್ನು ಮಲಗಿಸದೆ ತೊಡೆಯ ಮೇಲೆ ಎತ್ತಿ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದ ಮೇಲೆ ಮುಂದಿನ ಗುಟುಕು. ಸುರಿದರೆ ನೆತ್ತಿಗೇರುತ್ತದೆ.

ಬಿಳಿ ಬಾಟಲಿಯನ್ನು ಮಾತ್ರ ಸಿಟ್ಟಿನಲ್ಲಿ ಕಸಕ್ಕೆ ಹಾಕಬೇಡಿ. ಡಬ್ಬಿ, ಉಚಿತದ ಚೀಟಿ, ಅಂಗಡಿಯ ಬಿಲ್ಲು ಎಲ್ಲವನ್ನೂ ಅದರ ಜೊತೆ ಕಟ್ಟಿಡಿ. ಅದೇ ಆ್ಯಪಿನಲ್ಲಿ ದೂರು ಕೊಡುವ ಅವಕಾಶವಿದೆ. ತಲೆಯೂ ಕಾಲೂ ಇಲ್ಲದ ಆ ಲಾಂಛನದ ಚಿತ್ರವನ್ನು ಸೇರಿಸಿ ದೂರು ದಾಖಲಿಸಿ. ಅದೇ ಅಂಗಡಿಯಲ್ಲಿ ಅದೇ ಅಚ್ಚಿನ ಉಳಿದ ಗೂಡುಗಳ ಬಾಟಲಿಗಳು ಇನ್ನೂ ಮಾರಾಟಕ್ಕಿರಬಹುದು.